ಅನುವಾದ ಮತ್ತು ವಿನ್ಯಾಸ ಕೆಲಸದ ದರ ನಿಗದಿ: ತಿದ್ದುಪಡಿಯ ವೇಳೆಗೂ ಲೆಕ್ಕ ಬೇಕು

ಲೇತ್ ಯಂತ್ರವಿಟ್ಟುಕೊಂಡು ಜಾಬ್ ವರ್ಕ್ ಮಾಡುವ ಸಣ್ಣ ಉದ್ದಿಮೆದಾರನಿಗೆ ತನ್ನ ಯಂತ್ರದ ಗಂಟೆಯ ದರ ಗೊತ್ತಿರುತ್ತದೆ. ಯಂತ್ರ ಎಷ್ಟು ಗಂಟೆ ಓಡುತ್ತದೆ, ಎಷ್ಟು ಗಂಟೆ ಸುಮ್ಮನೆ ನಿಲ್ಲುತ್ತದೆ, ನೂರು ಬಿಡಿಭಾಗಗಳಲ್ಲಿ ಎಷ್ಟು ಮರುಕೆಲಸಕ್ಕೆ ಹಿಂದಿರುಗುತ್ತವೆ ಎಂಬುದನ್ನೆಲ್ಲ ಸೇರಿಸಿಯೇ ಆತ ದರ ಹೇಳುತ್ತಾನೆ. ಅದೇ ಉದ್ದಿಮೆದಾರ ತನ್ನ ಉತ್ಪನ್ನದ ಬಳಕೆದಾರರ ಕೈಪಿಡಿಯನ್ನು ಕನ್ನಡಕ್ಕೆ ಅನುವಾದಿಸಿ ಪುಟವಿನ್ಯಾಸ ಮಾಡಿಸಲು ಹೊರಟಾಗ, “ಪುಟಕ್ಕೆ ಎಷ್ಟು?” ಎಂದು ಕೇಳುತ್ತಾನೆ. ಎದುರಿಗಿರುವವರೂ ಆ ಹೊತ್ತಿಗೆ ತೋಚಿದ ಒಂದು ಸಂಖ್ಯೆ ಹೇಳುತ್ತಾರೆ. ಕೆಲಸ ಮುಗಿಯುವ ವೇಳೆಗೆ ಒಬ್ಬರಿಗೆ ಹೆಚ್ಚು ಕೊಟ್ಟೆವೆಂಬ ಅಸಮಾಧಾನ, ಇನ್ನೊಬ್ಬರಿಗೆ ದುಡಿಮೆಗೆ ತಕ್ಕ ಪ್ರತಿಫಲ ಬರಲಿಲ್ಲವೆಂಬ ಅಸಮಾಧಾನ ಉಳಿಯುತ್ತದೆ.

ಈ ಅಸಮಾಧಾನದ ಮೂಲ ಬಹುತೇಕ ಒಂದೇ ಕಡೆ ಇರುತ್ತದೆ. ಮೊದಲ ಪ್ರತಿಯನ್ನು ಒಪ್ಪಿಸಿದ ನಂತರ ನಡೆಯುವ ತಿದ್ದುಪಡಿಯ ವೇಳೆ ಯಾರ ಲೆಕ್ಕದಲ್ಲೂ ಇರುವುದಿಲ್ಲ. ಅದು ಲೆಕ್ಕದಲ್ಲಿಲ್ಲದಿದ್ದರೂ ಯಾರಾದರೊಬ್ಬರು ಅದಕ್ಕೆ ಹಣ ತೆರುತ್ತಲೇ ಇರುತ್ತಾರೆ. ಅದನ್ನು ಮೊದಲೇ ಅಳೆದು, ವಿಂಗಡಿಸಿ, ದರದೊಳಗೆ ಸೇರಿಸುವ ಕ್ರಮವನ್ನು ಇಲ್ಲಿ ಒಂದು ಮಾದರಿ ಲೆಕ್ಕದ ಮೂಲಕ ವಿವರಿಸಲಾಗಿದೆ. ಕೆಲಸ ಮಾಡುವ ಸ್ವತಂತ್ರ ಅನುವಾದಕರಿಗೂ ಕೆಲಸ ಕೊಡುವ ವರ್ತಕರಿಗೂ ಈ ಲೆಕ್ಕ ಒಂದೇ.

ದಿನದ ದರ: ಭಾಗಿಸಬೇಕಾದ ಸಂಖ್ಯೆ ಯಾವುದು?

ಹುಬ್ಬಳ್ಳಿಯಲ್ಲಿ ಮನೆಯಿಂದಲೇ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿ, ಪುಟವಿನ್ಯಾಸವನ್ನೂ ಮಾಡಿಕೊಡುವ ಒಬ್ಬ ಮಹಿಳೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇಲ್ಲಿಯ ಮೊತ್ತಗಳು ಲೆಕ್ಕ ಸ್ಪಷ್ಟವಾಗಲೆಂದು ಇಟ್ಟುಕೊಂಡವು, ಮಾರುಕಟ್ಟೆಯ ದರಗಳಲ್ಲ. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಇವುಗಳ ಜಾಗದಲ್ಲಿಟ್ಟು ನೋಡಬಹುದು.

ಆಕೆಗೆ ಮನೆಯ ಖರ್ಚಿಗೆಂದು ತಿಂಗಳಿಗೆ ರೂ. 30,000 ಬೇಕು. ತಿಂಗಳಿಗೆ 26 ಕೆಲಸದ ದಿನಗಳೆಂದು ಹಿಡಿದು ಭಾಗಿಸಿದರೆ ದಿನಕ್ಕೆ ಸುಮಾರು ರೂ. 1,150 ಬರುತ್ತದೆ. ಹೊಸದಾಗಿ ವೃತ್ತಿಗೆ ಬಂದವರಲ್ಲಿ ಅನೇಕರು ಹೇಳುವ ದರ ಇದೇ ಲೆಕ್ಕದಿಂದ ಹುಟ್ಟಿದ್ದು. ಇದರಲ್ಲಿ ಎರಡು ತಪ್ಪುಗಳಿವೆ. ಮೇಲಿನ ಸಂಖ್ಯೆ ಅಪೂರ್ಣವಾಗಿದೆ, ಕೆಳಗಿನ ಸಂಖ್ಯೆ ಅತಿಯಾಗಿದೆ.

ಮೊದಲು ಮೇಲಿನ ಸಂಖ್ಯೆಯನ್ನು ಪೂರ್ಣಗೊಳಿಸಬೇಕು. ಮನೆಯ ಖರ್ಚು ವರ್ಷಕ್ಕೆ ರೂ. 3,60,000 ಆಯಿತು. ಕೆಲಸದ ಕೋಣೆಯ ಬಾಡಿಗೆಯ ಪಾಲು ಮತ್ತು ವಿದ್ಯುತ್ತಿಗೆ ರೂ. 36,000, ದೂರವಾಣಿ ಮತ್ತು ಇಂಟರ್‌ನೆಟ್ಟಿಗೆ ರೂ. 18,000, ತಂತ್ರಾಂಶಗಳ ಪರವಾನಗಿಗೆ ರೂ. 30,000, ಕಂಪ್ಯೂಟರಿನ ಸವಕಳಿಗೆ ರೂ. 20,000, ಓಡಾಟ, ಮುದ್ರಣ ಮತ್ತು ಲೆಕ್ಕಪತ್ರದ ಖರ್ಚಿಗೆ ರೂ. 16,000. ಹೀಗೆ ವೃತ್ತಿಯ ಖರ್ಚು ರೂ. 1,20,000. ನೌಕರಿಯಲ್ಲಿದ್ದರೆ ಭವಿಷ್ಯ ನಿಧಿ ಮತ್ತು ಆರೋಗ್ಯ ವಿಮೆಯ ರೂಪದಲ್ಲಿ ಮಾಲೀಕರಿಂದ ಬರುತ್ತಿದ್ದ ಪಾಲನ್ನು ಸ್ವತಂತ್ರ ವೃತ್ತಿಯವರು ತಾವೇ ತೆಗೆದಿಡಬೇಕು. ಅದಕ್ಕೆ ರೂ. 60,000. ಒಟ್ಟು ರೂ. 5,40,000. ಹೊಸ ತೆರಿಗೆ ಪದ್ಧತಿಯಲ್ಲಿ ಈ ಮಟ್ಟದ ಆದಾಯಕ್ಕೆ ಆದಾಯ ತೆರಿಗೆ ಬಾರದ ಕಾರಣ ಅದನ್ನು ಇಲ್ಲಿ ಸೇರಿಸಿಲ್ಲ. ಆದಾಯ ಹೆಚ್ಚಿರುವವರು ತೆರಿಗೆಯನ್ನೂ ಸೇರಿಸಿಕೊಳ್ಳಬೇಕು.

ಇನ್ನು ಕೆಳಗಿನ ಸಂಖ್ಯೆ. ವರ್ಷದ 365 ದಿನಗಳಲ್ಲಿ 52 ಭಾನುವಾರಗಳನ್ನೂ, ಹಬ್ಬ, ರಜೆ, ಅನಾರೋಗ್ಯಕ್ಕೆಂದು 33 ದಿನಗಳನ್ನೂ ಕಳೆದರೆ 280 ದಿನ ಉಳಿಯುತ್ತವೆ. ಈ 280 ದಿನಗಳೂ ಬಿಲ್ ಮಾಡಬಹುದಾದ ದಿನಗಳಲ್ಲ. ಗಿರಾಕಿಗಳನ್ನು ಭೇಟಿಯಾಗುವುದು, ದರಪಟ್ಟಿ ಬರೆಯುವುದು, ಮಾದರಿ ಪುಟ ಮಾಡಿ ತೋರಿಸುವುದು, ಬಿಲ್ ಕಳಿಸಿ ಹಣಕ್ಕಾಗಿ ಓಡಾಡುವುದು ಇವಕ್ಕೆಲ್ಲ 70 ದಿನ ಹೋಗುತ್ತವೆ. ಕೆಲಸವೇ ಇಲ್ಲದೆ ಕೂರುವ ದಿನಗಳು 30. ಕೊನೆಗೆ ಗಿರಾಕಿಯ ಕೆಲಸದ ಮೇಲೆ ಕೈಯಿಟ್ಟು ಕೂರುವ ದಿನಗಳು 180 ಮಾತ್ರ.

ರೂ. 5,40,000ವನ್ನು 180ರಿಂದ ಭಾಗಿಸಿದರೆ ದಿನಕ್ಕೆ ರೂ. 3,000. ದಿನಕ್ಕೆ ಆರು ಗಂಟೆಗಳ ಏಕಾಗ್ರ ಕೆಲಸವೆಂದು ಹಿಡಿದರೆ ಗಂಟೆಗೆ ರೂ. 500. ರೂ. 1,150ಕ್ಕೂ ರೂ. 3,000ಕ್ಕೂ ಇರುವ ಅಂತರ ದುರಾಸೆಯಿಂದ ಬಂದದ್ದಲ್ಲ. ನಿಂತ ಯಂತ್ರದ ಖರ್ಚನ್ನು ಓಡುವ ಯಂತ್ರವೇ ಹೊರಬೇಕೆಂಬ, ಪ್ರತಿ ಕಾರ್ಖಾನೆಯಲ್ಲೂ ನಡೆಯುವ ನಿಯಮದಿಂದ ಬಂದದ್ದು.

180 ದಿನಗಳೊಳಗೆ ಅಡಗಿರುವ 36 ದಿನಗಳು

ಇಲ್ಲಿಯವರೆಗಿನ ಲೆಕ್ಕವನ್ನು ಸರಿಯಾಗಿ ಮಾಡುವವರೂ ಮುಂದಿನ ಹೆಜ್ಜೆಯಲ್ಲಿ ಎಡವುತ್ತಾರೆ. ಗಿರಾಕಿಯ ಕೆಲಸಕ್ಕೆ ಸಲ್ಲುವ 180 ದಿನಗಳಲ್ಲಿ ಮೊದಲ ಪ್ರತಿ ತಯಾರಿಸುವ ದಿನಗಳೂ ಇವೆ, ಒಪ್ಪಿಸಿದ ನಂತರ ತಿದ್ದುವ ದಿನಗಳೂ ಇವೆ. ದರಪಟ್ಟಿ ಬರೆಯುವಾಗ ಮೊದಲನೆಯವು ಮಾತ್ರ ಕಣ್ಣಿಗೆ ಬೀಳುತ್ತವೆ.

ಇವೆರಡರ ಪ್ರಮಾಣವನ್ನು ಊಹೆಯಿಂದ ಹೇಳಲಾಗದು, ಬರೆದಿಟ್ಟೇ ತಿಳಿಯಬೇಕು. ಒಂದು ಸಾಧಾರಣ ದಿನಚರಿಯಲ್ಲಿ ಮೂರು ತಿಂಗಳ ಕಾಲ ಪ್ರತಿದಿನ ನಾಲ್ಕು ವಿವರಗಳನ್ನು ಬರೆದರೆ ಸಾಕು: ಯಾವ ಗಿರಾಕಿಯ ಕೆಲಸ, ಆರಂಭಿಸಿದ ಹೊತ್ತು, ಮುಗಿಸಿದ ಹೊತ್ತು, ಅದು ಮೊದಲ ಕೆಲಸವೋ ತಿದ್ದುಪಡಿಯೋ. ವಾಟ್ಸ್‌ಆಪಿನಲ್ಲಿ ಬಂದ ಧ್ವನಿ ಸಂದೇಶವನ್ನು ಕೇಳಿ, ಅದರಲ್ಲಿ ಹೇಳಿದ ಸಾಲು ಯಾವ ಪುಟದಲ್ಲಿದೆ ಎಂದು ಹುಡುಕಿದ ಹತ್ತು ನಿಮಿಷವನ್ನೂ ತಿದ್ದುಪಡಿಯ ಕಲಮಿನಲ್ಲೇ ಬರೆಯಬೇಕು. ಇಂತಹ ಹತ್ತು ಹತ್ತು ನಿಮಿಷಗಳೇ ಕೂಡಿ ದಿನಗಳಾಗುತ್ತವೆ.

ಉದಾಹರಣೆಯ ಅನುವಾದಕಿ ಹೀಗೆ ಬರೆದಿಟ್ಟಾಗ, ಪ್ರತಿ ನಾಲ್ಕು ದಿನಗಳ ಮೊದಲ ಕೆಲಸಕ್ಕೆ ಒಂದು ದಿನದ ತಿದ್ದುಪಡಿ ಕಂಡುಬಂತೆಂದು ಭಾವಿಸೋಣ. ಹಾಗಾದರೆ 180 ದಿನಗಳಲ್ಲಿ 144 ದಿನ ಮೊದಲ ಕೆಲಸಕ್ಕೂ 36 ದಿನ ತಿದ್ದುಪಡಿಗೂ ಸಲ್ಲುತ್ತವೆ. ಆಕೆ ರೂ. 3,000ದ ದರದಲ್ಲಿ ಮೊದಲ ಕೆಲಸದ ದಿನಗಳಿಗೆ ಮಾತ್ರ ಬಿಲ್ ಮಾಡಿದರೆ ವರ್ಷಕ್ಕೆ ಬರುವುದು ರೂ. 4,32,000. ಕೊರತೆ ರೂ. 1,08,000. ಬಾಡಿಗೆ, ಇಂಟರ್‌ನೆಟ್, ಪರವಾನಗಿಗಳು ಕಡಿಮೆಯಾಗುವುದಿಲ್ಲ. ಆದ್ದರಿಂದ ಈ ಕೊರತೆಯೆಲ್ಲ ಮನೆಯ ಖರ್ಚಿನ ಮೇಲೆಯೇ ಬೀಳುತ್ತದೆ. ತಿಂಗಳಿಗೆ ರೂ. 30,000 ಎಂದುಕೊಂಡದ್ದು ರೂ. 21,000ಕ್ಕೆ ಇಳಿಯುತ್ತದೆ. ಯಾವ ಗಿರಾಕಿಯೂ ಮೋಸ ಮಾಡಿಲ್ಲ, ಯಾವ ಬಿಲ್ಲೂ ಬಾಕಿಯಿಲ್ಲ, ಆದರೂ ವರ್ಷದ ಕೊನೆಗೆ ಹಣವಿಲ್ಲ. ಇಂತಹ ಸ್ಥಿತಿ ಕಂಡವರು ಮೊದಲು ತಿದ್ದುಪಡಿಯ ಕಲಮನ್ನೇ ನೋಡಬೇಕು.

ಪರಿಹಾರಕ್ಕೆ ಎರಡು ದಾರಿಗಳಿವೆ. ತಿದ್ದುಪಡಿಯ ದಿನಗಳನ್ನೂ ಅಂದಾಜಿನಲ್ಲಿ ತೋರಿಸಿ ದಿನಕ್ಕೆ ರೂ. 3,000ದಂತೆ ಎಣಿಸುವುದು ಒಂದು. ಮೊದಲ ಕೆಲಸದ ದಿನಗಳನ್ನು ಮಾತ್ರ ಎಣಿಸಿ, ದರವನ್ನು ರೂ. 5,40,000 ಭಾಗಿಸು 144, ಅಂದರೆ ರೂ. 3,750 ಎಂದು ಇಡುವುದು ಇನ್ನೊಂದು. ಎರಡರಿಂದಲೂ ಒಂದೇ ಮೊತ್ತ ಬರುತ್ತದೆ. ರೂ. 3,750ರ ದರವನ್ನೂ ಇಟ್ಟು, ಮೇಲೆ ತಿದ್ದುಪಡಿಯ ದಿನಗಳನ್ನೂ ಸೇರಿಸಿದರೆ ಒಂದೇ ಖರ್ಚನ್ನು ಎರಡು ಸಲ ವಸೂಲು ಮಾಡಿದಂತಾಗುತ್ತದೆ. ಅದು ಗಿರಾಕಿಗೆ ಮಾಡುವ ಅನ್ಯಾಯ.

ಸಾಮಾನ್ಯ ನಷ್ಟ, ಅಸಾಮಾನ್ಯ ನಷ್ಟ

ಎಲ್ಲ ತಿದ್ದುಪಡಿಯೂ ಒಂದೇ ಬಗೆಯದಲ್ಲ. ವೆಚ್ಚ ಲೆಕ್ಕಶಾಸ್ತ್ರದಲ್ಲಿ ಉತ್ಪಾದನೆಯ ನಷ್ಟವನ್ನು ಸಾಮಾನ್ಯ ಮತ್ತು ಅಸಾಮಾನ್ಯವೆಂದು ವಿಂಗಡಿಸುತ್ತಾರೆ. ಎಷ್ಟೇ ಎಚ್ಚರ ವಹಿಸಿದರೂ ತಪ್ಪಿಸಲಾಗದ ನಷ್ಟ ಸಾಮಾನ್ಯ. ಅದು ಒಳ್ಳೆಯ ಸರಕಿನ ಬೆಲೆಯಲ್ಲೇ ಸೇರುತ್ತದೆ. ಅದಕ್ಕಿಂತ ಹೆಚ್ಚಾದದ್ದು ಅಸಾಮಾನ್ಯ. ಅದನ್ನು ಬೇರೆಯಾಗಿ ತೋರಿಸಿ, ಕಾರಣ ಹುಡುಕುತ್ತಾರೆ. ಈ ವಿಂಗಡಣೆ ಅನುವಾದಕ್ಕೂ ಹೊಂದುತ್ತದೆ.

ಓದುಗರಿಗೆ ಸುಲಭವಾಗಲೆಂದು ವಾಕ್ಯ ಸರಳಗೊಳಿಸುವುದು, ಗಿರಾಕಿಯ ಊರಿನ ಬಳಕೆಗೆ ತಕ್ಕಂತೆ ಕೆಲವು ಪದ ಬದಲಿಸುವುದು, ಚಿತ್ರದ ಅಡಿಬರಹ ಸರಿಹೊಂದಿಸುವುದು ಇವೆಲ್ಲ ಸಾಮಾನ್ಯ. ಇವು ಶುಲ್ಕದಲ್ಲೇ ಸೇರಿರಬೇಕು. ಬಿಟ್ಟುಹೋದ ಸಾಲು, ತಪ್ಪಾದ ಅಂಕಿ, ಕಾಗುಣಿತದ ದೋಷ ಇವು ಅನುವಾದಕರ ಸ್ವಂತ ತಪ್ಪುಗಳು. ಇವನ್ನು ಎಷ್ಟು ಸಲ ಬೇಕಾದರೂ ಉಚಿತವಾಗಿ ಸರಿಪಡಿಸಬೇಕು, ತಿದ್ದುಪಡಿಯ ಸುತ್ತಿನಲ್ಲಿಯೂ ಎಣಿಸಬಾರದು. ಒಪ್ಪಿಗೆಯಾದ ಮೂಲವನ್ನೇ ಬದಲಿಸುವುದು, ಒಪ್ಪಿಗೆಯಾದ ಪದವನ್ನು ಪುಟವಿನ್ಯಾಸದ ನಂತರ ಬೇಡವೆನ್ನುವುದು, ಹೊಸ ವಿಷಯ ಸೇರಿಸುವುದು ಗಿರಾಕಿಯ ಕಡೆಯಿಂದ ಬರುವ ಹೊಸ ಕೆಲಸ. ಇದಕ್ಕೆ ಗಂಟೆಯ ದರದಲ್ಲಿ ಬೇರೆ ಶುಲ್ಕವಾಗಬೇಕು.

ಮೂರನೆಯ ಬಗೆಯಲ್ಲಿ ಒಂದು ವಿಶೇಷವನ್ನು ವರ್ತಕರು ತಿಳಿದಿರಬೇಕು. ಇಂಗ್ಲಿಷಿನಲ್ಲಿ ಒಂದು ಪದವನ್ನು ಎಲ್ಲೆಡೆ ಬದಲಿಸುವುದು ಕಂಪ್ಯೂಟರಿಗೆ ಕ್ಷಣದ ಕೆಲಸ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುವುದರಿಂದ ಹಾಗಾಗುವುದಿಲ್ಲ. ‘ಯಂತ್ರ’ ಎಂಬುದನ್ನು ‘ಪಂಪು’ ಎಂದು ಬದಲಿಸಬೇಕಾದರೆ ‘ಯಂತ್ರವನ್ನು’ ಎಂಬುದು ‘ಪಂಪನ್ನು’, ‘ಯಂತ್ರದ’ ಎಂಬುದು ‘ಪಂಪಿನ’, ‘ಯಂತ್ರಕ್ಕೆ’ ಎಂಬುದು ‘ಪಂಪಿಗೆ’ ಆಗಬೇಕು. ಪ್ರತಿ ಸ್ಥಳವನ್ನೂ ಕಣ್ಣಿಂದ ನೋಡಿ ಕೈಯಿಂದ ತಿದ್ದಬೇಕು. ಸಾಲುಗಳು ಸರಿದು ಪುಟಗಳೂ ಕದಲಬಹುದು. ಹಾಗೆಯೇ, ಯೂನಿಕೋಡಿನಲ್ಲಿ ಕೊಟ್ಟ ಬರಹವನ್ನು ಗಿರಾಕಿಯ ಕಚೇರಿಯಲ್ಲಿ ಹಳೆಯ ನುಡಿ ಅಥವಾ ಬರಹದ ಫಾಂಟಿನಲ್ಲಿ ತಿದ್ದಿ ಹಿಂದಿರುಗಿಸಿದರೆ, ಮತ್ತೆ ಯೂನಿಕೋಡಿಗೆ ಪರಿವರ್ತಿಸುವಾಗ ಒತ್ತಕ್ಷರಗಳೂ ಅರ್ಕಾವತ್ತೂ ಕೆಡುವುದುಂಟು. ಆಗ ಇಡೀ ಬರಹವನ್ನು ಮತ್ತೊಮ್ಮೆ ಓದಬೇಕಾಗುತ್ತದೆ. ಮುದ್ರಿತ ಪ್ರತಿಯ ಮೇಲೆ ಪೆನ್ನಿನಿಂದ ಗುರುತು ಹಾಕಿ ಕಳಿಸುವುದೇ ಇಬ್ಬರಿಗೂ ಅಗ್ಗ.

ಒಂದು ಕೆಲಸದ ಪೂರ್ಣ ಲೆಕ್ಕ

ಕೃಷಿ ಉಪಕರಣ ತಯಾರಿಸುವ ಸಣ್ಣ ಘಟಕವೊಂದು ತನ್ನ ಬ್ಯಾಟರಿ ಚಾಲಿತ ಸಿಂಪಡಣಾ ಯಂತ್ರದ ಕೈಪಿಡಿಯನ್ನು ಕನ್ನಡದಲ್ಲಿ ತರಲು ಇದೇ ಅನುವಾದಕಿಯನ್ನು ಕೇಳಿತೆಂದು ಭಾವಿಸೋಣ. ಇಂಗ್ಲಿಷ್ ಮೂಲ 6,000 ಪದಗಳದ್ದು, ಪುಸ್ತಿಕೆ 24 ಪುಟಗಳದ್ದು.

ಪದಗಳನ್ನು ಮೂಲದಲ್ಲಿಯೇ ಎಣಿಸಬೇಕು. ಇಂಗ್ಲಿಷಿನಲ್ಲಿ ಆರು ಪದಗಳಿರುವ ಸೂಚನೆ ಕನ್ನಡದಲ್ಲಿ ‘ಯಂತ್ರದಿಂದ ಬ್ಯಾಟರಿಯನ್ನು ತೆಗೆಯಿರಿ’ ಎಂದು ಮೂರೇ ಪದಗಳಲ್ಲಿ ಮುಗಿಯಬಹುದು. ಕನ್ನಡದ ಪದಗಳನ್ನು ಎಣಿಸಿದರೆ ಅದೇ ದುಡಿಮೆಗೆ ಬಹಳ ಕಡಿಮೆ ಸಂಖ್ಯೆ ಬರುತ್ತದೆ. ಅಲ್ಲದೆ ಮೂಲದ ಎಣಿಕೆ ಕೆಲಸ ಆರಂಭಿಸುವ ಮೊದಲೇ ಇಬ್ಬರಿಗೂ ಗೊತ್ತಿರುವುದರಿಂದ ನಂತರ ವಾದಕ್ಕೆ ಎಡೆಯಿರುವುದಿಲ್ಲ.

ಕೆಲಸದ ಅಂದಾಜು ಹೀಗಾಯಿತು. ಪಾರಿಭಾಷಿಕ ಪದಪಟ್ಟಿ ತಯಾರಿಸಿ ಒಪ್ಪಿಗೆ ಪಡೆಯಲು ಅರ್ಧ ದಿನ. ದಿನಕ್ಕೆ 1,500 ಪದಗಳಂತೆ, ಸ್ವಂತ ಪರಿಶೀಲನೆಯೂ ಸೇರಿ, ಅನುವಾದಕ್ಕೆ ನಾಲ್ಕು ದಿನ. ದಿನಕ್ಕೆ ಎಂಟು ಪುಟಗಳಂತೆ ವಿನ್ಯಾಸಕ್ಕೆ ಮೂರು ದಿನ. ಮುದ್ರಣಕ್ಕೆ ಸಿದ್ಧ ಕಡತ ತಯಾರಿಸಿ ಒಪ್ಪಿಸಲು ಅರ್ಧ ದಿನ. ಒಟ್ಟು ಎಂಟು ದಿನ. ತಿದ್ದುಪಡಿಗೆ ನಾಲ್ಕನೆಯ ಒಂದು ಭಾಗ, ಅಂದರೆ ಎರಡು ದಿನ ಅಥವಾ 12 ಗಂಟೆ. ಹತ್ತು ದಿನಗಳಿಗೆ ರೂ. 30,000, ಜೊತೆಗೆ ಬೇರೊಬ್ಬರಿಂದ ಕರಡು ತಿದ್ದಿಸಲು ರೂ. 2,000. ಶುಲ್ಕ ರೂ. 32,000.

ಗಿರಾಕಿಗೆ ದಿನಗಳ ಈ ವಿವರ ಕೊಡಬೇಕೆಂದೇನೂ ಇಲ್ಲ. ಆದರೆ ದರಪಟ್ಟಿಯಲ್ಲಿ ಮೂರು ವಾಕ್ಯಗಳು ಇರಲೇಬೇಕು. ಎರಡು ಸುತ್ತಿನ ತಿದ್ದುಪಡಿ ಶುಲ್ಕದಲ್ಲಿ ಸೇರಿದೆ, ಪ್ರತಿ ಸುತ್ತಿನ ಎಲ್ಲ ತಿದ್ದುಪಡಿಗಳನ್ನೂ ಒಟ್ಟಾಗಿ ಒಬ್ಬರೇ ಅಧಿಕೃತ ವ್ಯಕ್ತಿ ಲಿಖಿತವಾಗಿ ಕಳಿಸಬೇಕು. ಅನುವಾದಕರ ತಪ್ಪುಗಳನ್ನು ಯಾವಾಗಲೂ ಉಚಿತವಾಗಿ ಸರಿಪಡಿಸಲಾಗುವುದು. ಒಪ್ಪಿಗೆಯ ನಂತರ ಮೂಲ ಅಥವಾ ಪದಪಟ್ಟಿ ಬದಲಾದರೆ ಗಂಟೆಗೆ ರೂ. 500ರಂತೆ, ಮೊದಲು ಅಂದಾಜು ತಿಳಿಸಿ, ಒಪ್ಪಿಗೆ ಪಡೆದು ಮಾಡಿಕೊಡಲಾಗುವುದು.

ಕೆಲಸ ನಡೆದದ್ದು ಹೀಗೆ. ಮೊದಲ ಸುತ್ತಿಗೆ ಏಳು ಗಂಟೆ, ಎರಡನೆಯದಕ್ಕೆ ನಾಲ್ಕು ಗಂಟೆ ಹಿಡಿಯಿತು. ಒಟ್ಟು 11 ಗಂಟೆ, ಅಂದಾಜಿನ ಒಳಗೇ ಇತ್ತು. ನಳಿಕೆಗಳ ಕೋಷ್ಟಕದಲ್ಲಿ ಎರಡು ಸಾಲು ಬಿಟ್ಟುಹೋಗಿದ್ದುದು ಗಿರಾಕಿಯ ಕಣ್ಣಿಗೆ ಬಿತ್ತು. ಅದನ್ನು ಸೇರಿಸಿ ಪುಟ ಸರಿಪಡಿಸಲು ಎರಡು ಗಂಟೆ. ಇದು ಅನುವಾದಕಿಯ ತಪ್ಪು, ಖರ್ಚೂ ಆಕೆಯದೇ.

ಆಮೇಲೆ ಎರಡು ಬೇಡಿಕೆಗಳು ಬಂದವು. ಬ್ಯಾಟರಿಯ ಮಾದರಿ ಬದಲಾದ್ದರಿಂದ ಚಾರ್ಜಿಂಗ್ ಅಧ್ಯಾಯವನ್ನು ಹೊಸದಾಗಿ ಬರೆಯಬೇಕಿತ್ತು. ಅಂದಾಜು ಆರು ಗಂಟೆ. ಬೆಳಗಾವಿಯ ಡೀಲರೊಬ್ಬರು, “ನಮ್ಮ ಕಡೆ ರೈತರು ಇದಕ್ಕೆ ಪಂಪು ಅಂತಾರ, ಯಂತ್ರ ಅಂತ ಯಾಕ ಬರದೀರಿ?” ಎಂದು ಆಕ್ಷೇಪಿಸಿದ್ದರಿಂದ ಪುಸ್ತಿಕೆಯುದ್ದಕ್ಕೂ ಆ ಪದ ಬದಲಾಗಬೇಕೆಂಬುದು ಎರಡನೆಯದು. ಅಂದಾಜು ಒಂಬತ್ತು ಗಂಟೆ. ಎರಡೂ ಸೇರಿ 15 ಗಂಟೆ, ರೂ. 7,500.

ಷರತ್ತು ಇಲ್ಲದಿದ್ದರೆ ಏನಾಗುತ್ತಿತ್ತೆಂದು ಮೊದಲು ನೋಡೋಣ. ಆಕೆ ಸಂಕೋಚದಿಂದ ಎಲ್ಲವನ್ನೂ ಮಾಡಿಕೊಟ್ಟಿದ್ದರೆ ತಿದ್ದುಪಡಿಗೆ ಒಟ್ಟು 28 ಗಂಟೆ ಹಿಡಿಯುತ್ತಿತ್ತು. ಹತ್ತು ದಿನಗಳ ಕೆಲಸ ಹನ್ನೆರಡೂ ಮುಕ್ಕಾಲು ದಿನಕ್ಕೆ ಸಮೀಪಿಸಿ, ದಿನದ ಗಳಿಕೆ ರೂ. 3,000ದಿಂದ ಸುಮಾರು ರೂ. 2,370ಕ್ಕೆ ಇಳಿಯುತ್ತಿತ್ತು. ತಿದ್ದುಪಡಿಯನ್ನೇ ಸೇರಿಸದೆ ಎಂಟು ದಿನಗಳಿಗೆ ರೂ. 24,000 ಹೇಳಿದ್ದರೆ ದಿನಕ್ಕೆ ಸುಮಾರು ರೂ. 1,900 ಮಾತ್ರ ಉಳಿಯುತ್ತಿತ್ತು.

ಷರತ್ತು ಇದ್ದುದರಿಂದ ಆಕೆ ಎರಡೂ ಬೇಡಿಕೆಗಳ ಅಂದಾಜನ್ನು ಬೇರೆ ಬೇರೆಯಾಗಿ ಬರೆದು ಕಳಿಸಿದಳು. ಮಾಲೀಕರು ಚಾರ್ಜಿಂಗ್ ಅಧ್ಯಾಯಕ್ಕೆ ತಕ್ಷಣ ಒಪ್ಪಿದರು, ಏಕೆಂದರೆ ಅದು ಬಳಕೆದಾರರ ಸುರಕ್ಷತೆಯ ವಿಷಯ. ಪದ ಬದಲಾವಣೆಗೆ ರೂ. 4,500 ಎಂದು ಕಂಡಾಗ ಮತ್ತೊಮ್ಮೆ ಯೋಚಿಸಿದರು. ಮುಖಪುಟದಲ್ಲೂ ಅಧ್ಯಾಯದ ಶೀರ್ಷಿಕೆಗಳಲ್ಲೂ ‘ಪಂಪು’ ಎಂದು ಬಂದರೆ ಸಾಕು, ಒಳಗೆ ‘ಯಂತ್ರ’ ಇರಲಿ ಎಂದು ತೀರ್ಮಾನಿಸಿದರು. ಅದು ಎರಡೇ ಗಂಟೆಯ ಕೆಲಸ. ಹೆಚ್ಚುವರಿ ಬಿಲ್ ಎಂಟು ಗಂಟೆಗಳಿಗೆ ರೂ. 4,000 ಆಯಿತು, ಒಟ್ಟು ರೂ. 36,000. ಕರಡು ತಿದ್ದಿದವರ ರೂ. 2,000 ಕಳೆದು, ವಾಸ್ತವವಾಗಿ ಹಿಡಿದ ಹನ್ನೊಂದೂವರೆ ದಿನಗಳಿಂದ ಭಾಗಿಸಿದರೆ ದಿನಕ್ಕೆ ಸುಮಾರು ರೂ. 2,957. ರೂ. 3,000ಕ್ಕೆ ಕಡಿಮೆಯಾದ ಅಲ್ಪ ಮೊತ್ತಕ್ಕೆ ಆಕೆಯ ಸ್ವಂತ ತಪ್ಪಿನ ಎರಡು ಗಂಟೆಗಳೇ ಕಾರಣ.

ತಿದ್ದುಪಡಿಗೆ ಬೆಲೆಯಿಟ್ಟದ್ದರಿಂದ ಗಿರಾಕಿಗೆ ನಷ್ಟವಾಗಲಿಲ್ಲ ಎಂಬುದು ಇಲ್ಲಿ ಗಮನಾರ್ಹ. ಉಚಿತವಾಗಿ ಸಿಗುವುದಾಗಿದ್ದರೆ ಎಲ್ಲ ಬದಲಾವಣೆಯೂ ಬೇಕೆನಿಸುತ್ತದೆ. ಬೆಲೆ ಕಂಡಾಗ ಯಾವುದು ಅಗತ್ಯ, ಯಾವುದು ಅಭಿರುಚಿಯ ಮಾತು ಎಂಬುದು ಮಾಲೀಕರಿಗೇ ಸ್ಪಷ್ಟವಾಗುತ್ತದೆ. ಡೀಲರ ಅಭಿಪ್ರಾಯವನ್ನು ಅರ್ಧ ದಿನದ ಪದಪಟ್ಟಿಯ ಹಂತದಲ್ಲೇ ಕೇಳಿದ್ದರೆ ಆ ಎರಡು ಗಂಟೆಯ ಖರ್ಚೂ ಬರುತ್ತಿರಲಿಲ್ಲ.

ವಿನ್ಯಾಸಕಾರರ ವಿಷಯ

ಲಾಂಛನ, ಪೊಟ್ಟಣದ ಹೊದಿಕೆ, ಜಾಹೀರಾತು ಮುಂತಾದ ವಿನ್ಯಾಸ ಮಾತ್ರ ಮಾಡುವವರಿಗೂ ದಿನದ ದರದ ಲೆಕ್ಕ ಇದೇ. ಆದರೆ ತಿದ್ದುಪಡಿಯ ಪಾಲು ಹೆಚ್ಚಿರುತ್ತದೆ. ಅನುವಾದ ಸರಿಯೋ ತಪ್ಪೋ ಎಂದು ಮೂಲದೊಡನೆ ಹೋಲಿಸಿ ಹೇಳಬಹುದು. ಬಣ್ಣ ಹಿಡಿಸಿತೋ ಇಲ್ಲವೋ ಎಂಬುದಕ್ಕೆ ಅಂತಹ ಅಳತೆಗೋಲಿಲ್ಲ. ಆದ್ದರಿಂದ ತಿದ್ದುಪಡಿಯ ಸುತ್ತುಗಳ ಜೊತೆಗೆ, ಆರಂಭದಲ್ಲಿ ಎಷ್ಟು ಬೇರೆ ಬೇರೆ ಮಾದರಿಗಳನ್ನು ತೋರಿಸಲಾಗುವುದು ಎಂಬುದನ್ನೂ ದರಪಟ್ಟಿಯಲ್ಲಿ ಬರೆಯಬೇಕು. ಎರಡು ಮಾದರಿ ಎಂದು ಬರೆದು, ಒಂದನ್ನು ಆಯ್ದ ಮೇಲೆ ಅದರಲ್ಲಿ ಮಾತ್ರ ಎರಡು ಸುತ್ತಿನ ತಿದ್ದುಪಡಿ ಎಂದರೆ ಅಂದಾಜಿಗೆ ಮಿತಿ ಸಿಗುತ್ತದೆ. ಆಯ್ದದ್ದನ್ನು ಬಿಟ್ಟು ಮೂರನೆಯ ಮಾದರಿ ಕೇಳಿದರೆ ಅದು ತಿದ್ದುಪಡಿಯಲ್ಲ, ಹೊಸ ಕೆಲಸ.

ಲೆಕ್ಕದ ದರ ಮಾರುಕಟ್ಟೆಗೆ ಹೊಂದದಿದ್ದರೆ

ಲೆಕ್ಕದಿಂದ ಬಂದ ದರವನ್ನು ಗಿರಾಕಿ ಕೊಟ್ಟೇ ಕೊಡುತ್ತಾನೆಂಬ ಭರವಸೆಯಿಲ್ಲ. ಮೇಲಿನ ಉದಾಹರಣೆಯಲ್ಲಿ ಪದಪಟ್ಟಿ ಮತ್ತು ಅನುವಾದದ ನಾಲ್ಕೂವರೆ ದಿನಗಳಿಗೆ ರೂ. 3,750ರಂತೆ ರೂ. 16,875 ಬರುತ್ತದೆ, ಅಂದರೆ ಮೂಲದ ಪದಕ್ಕೆ ಸುಮಾರು ರೂ. 2.80. ಮಧ್ಯವರ್ತಿ ಸಂಸ್ಥೆ ಇದಕ್ಕಿಂತ ಕಡಿಮೆ ಕೊಡುವುದಾದರೆ, ಕೆಲಸವಿಲ್ಲದೆ ಕೂರುವ ಮೂವತ್ತು ದಿನಗಳಲ್ಲಿ ಅದನ್ನು ಒಪ್ಪುವುದು ತಪ್ಪಲ್ಲ. ಆ ದಿನಗಳ ಬಾಡಿಗೆಯೂ ವಿದ್ಯುತ್ತೂ ಹೇಗೂ ಖರ್ಚಾಗುವಂಥವು. ಆದರೆ ಅಂತಹ ಕೆಲಸ ಪೂರ್ಣ ದರದ ಗಿರಾಕಿಯ ದಿನಗಳನ್ನು ನುಂಗಲಾರಂಭಿಸಿದರೆ ಅದು ನಷ್ಟದ ವ್ಯಾಪಾರ. ಕಡಿಮೆ ದರದ ಕೆಲಸಕ್ಕೆ ತಿದ್ದುಪಡಿಯನ್ನೂ ಒಂದು ಸುತ್ತಿಗೆ ಇಳಿಸುವುದು ನ್ಯಾಯ.

ಬೆಲೆ ತಗ್ಗಿಸಬೇಕೆಂದು ಕೇಳುವ ಗಿರಾಕಿಗೂ ಇದೇ ಉತ್ತರ. ದಿನದ ದರವನ್ನು ತಗ್ಗಿಸುವ ಬದಲು ಕೆಲಸವನ್ನು ತಗ್ಗಿಸಬಹುದು: ಒಂದೇ ಸುತ್ತು, ಪದಪಟ್ಟಿ ಗಿರಾಕಿಯದೇ, ಕರಡು ಓದುವವರೂ ಗಿರಾಕಿಯವರೇ. ಹಾಗೆ ಮಾಡಿದಾಗ ಕಡಿಮೆಯಾದ ಬೆಲೆಗೆ ಕಾರಣ ಇಬ್ಬರಿಗೂ ಕಾಣುತ್ತದೆ.

ಬಿಲ್ ಮತ್ತು ಪಾವತಿ

ಶುಲ್ಕವನ್ನು ಕೊನೆಯಲ್ಲಿ ಒಂದೇ ಸಲ ಪಡೆಯುವ ಒಪ್ಪಂದದಲ್ಲಿ ತಿದ್ದುಪಡಿ ಮುಗಿಯುವುದೇ ಇಲ್ಲ, ಏಕೆಂದರೆ ‘ಇನ್ನೂ ಅಂತಿಮವಾಗಿಲ್ಲ’ ಎನ್ನುವವರೆಗೆ ಹಣ ಕೊಡಬೇಕಾಗಿಲ್ಲ. ಶೇ. 30 ಮುಂಗಡ, ಮೊದಲ ಪ್ರತಿ ಒಪ್ಪಿಸಿದಾಗ ಶೇ. 40, ಅಂತಿಮ ಕಡತದೊಡನೆ ಶೇ. 30 ಎಂದು ಹಂಚಿದರೆ ಎರಡೂ ಕಡೆಗೆ ಕೆಲಸ ಮುಗಿಸುವ ಆಸಕ್ತಿ ಇರುತ್ತದೆ. ಮೊದಲ ಪ್ರತಿ ತಲುಪಿದ ಹದಿನೈದು ದಿನಗಳೊಳಗೆ ತಿದ್ದುಪಡಿ ಬಾರದಿದ್ದರೆ ಒಪ್ಪಿಗೆಯಾಯಿತೆಂದು ತಿಳಿಯಲಾಗುವುದು ಎಂಬ ಸಾಲೂ ಇರಲಿ.

ಗಿರಾಕಿ ಮೂಲದಲ್ಲಿ ಕಡಿತಗೊಳಿಸುವ ತೆರಿಗೆಯನ್ನು ಖರ್ಚೆಂದು ತಿಳಿದು ದರಕ್ಕೆ ಸೇರಿಸುವ ರೂಢಿ ಕೆಲವರಲ್ಲಿದೆ. ಅದು ತಪ್ಪು. ಅದು ಮುಂಗಡವಾಗಿ ಕಟ್ಟಿದ ತೆರಿಗೆ. ವಿವರಣಾ ಪಟ್ಟಿ ಸಲ್ಲಿಸಿದಾಗ ಜಮೆಯಾಗುತ್ತದೆ ಅಥವಾ ಮರಳಿ ಬರುತ್ತದೆ. ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರದ ಸೇವಾದಾರರು ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿ ಪಡೆಯಬೇಕಾಗಿಲ್ಲ. ನೋಂದಣಿಯಿಲ್ಲದವರು ಬಿಲ್ಲಿನಲ್ಲಿ ಆ ತೆರಿಗೆಯನ್ನು ವಸೂಲು ಮಾಡುವಂತಿಲ್ಲ.

ಕೊನೆಯದಾಗಿ, ಕೆಲಸ ಕೊಡುವ ಉದ್ದಿಮೆದಾರರು ತಿಳಿದಿರಬೇಕಾದ ಒಂದು ಅಂಶ. ಅನುವಾದಕರು ಅಥವಾ ವಿನ್ಯಾಸಕಾರರು ಉದ್ಯಮ್ ನೋಂದಣಿ ಪಡೆದ ಕಿರು ಅಥವಾ ಸಣ್ಣ ಉದ್ದಿಮೆಯಾಗಿದ್ದರೆ, 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯಂತೆ ಅವರ ಬಿಲ್ಲನ್ನು, ಲಿಖಿತ ಒಪ್ಪಂದವಿದ್ದರೆ ಅದರಲ್ಲಿಯ ಅವಧಿಯೊಳಗೆ, ಹೇಗಾದರೂ 45 ದಿನ ಮೀರದಂತೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಪಾವತಿಸಬೇಕು. 2023ರ ಹಣಕಾಸು ಕಾಯ್ದೆ ತಂದ ನಿಯಮದ ಪ್ರಕಾರ, ಈ ಅವಧಿ ಮೀರಿ ಬಾಕಿ ಉಳಿಸಿಕೊಂಡ ಮೊತ್ತ ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚಾಗಿ ಕಳೆಯಲು ಬರುತ್ತದೆ. ಇನ್ನೊಂದು ಸುತ್ತು ತಿದ್ದಿಸುವ ನೆಪದಲ್ಲಿ ಬಿಲ್ಲನ್ನು ಮಾರ್ಚ್ ದಾಟಿಸುವ ಅಭ್ಯಾಸ ಈಗ ಕೆಲಸ ಮಾಡಿಸಿದವರ ತೆರಿಗೆ ಲೆಕ್ಕಕ್ಕೇ ಹೊರೆಯಾಗಬಹುದು. ಕೆಲಸ ಅಂತಿಮವಾದ ದಿನಾಂಕವನ್ನು ಇಬ್ಬರೂ ಬರೆದು ಒಪ್ಪಿಕೊಂಡರೆ ಈ ತೊಡಕು ಹುಟ್ಟುವುದಿಲ್ಲ.

ದಿನಚರಿಯ ತಿದ್ದುಪಡಿ ಕಲಮನ್ನು ಆರು ತಿಂಗಳಿಗೊಮ್ಮೆ ಕೂಡಿಸಿ ನೋಡಬೇಕು. ನಾಲ್ಕಕ್ಕೆ ಒಂದರ ಬದಲು ಮೂರಕ್ಕೆ ಒಂದಾಗಿದ್ದರೆ ಮುಂದಿನ ದರಪಟ್ಟಿ ಬದಲಾಗಬೇಕು. ಒಬ್ಬನೇ ಗಿರಾಕಿಯಿಂದ ಹಾಗಾಗಿದ್ದರೆ ಆ ಗಿರಾಕಿಯ ದರವನ್ನಷ್ಟೇ ಬದಲಿಸಿದರೆ ಸಾಕು. ಸ್ವಂತ ತಪ್ಪುಗಳ ಗಂಟೆಗಳೇ ಹೆಚ್ಚಾಗಿದ್ದರೆ ದರವನ್ನು ಏರಿಸಬಾರದು. ಕರಡು ತಿದ್ದುವ ಕ್ರಮವನ್ನು ಬಿಗಿಗೊಳಿಸಬೇಕು.